ಲೈಟ್ ಹಾಕು, ಲೈಟಾಗಿ ಹಾಕು

ಸಂಜೆ ಅಡುಗೆಮನೆಯಿಂದ ಒಂದು ದನಿ ಬರುತ್ತದೆ: ‘ಲೈಟ್ ಹಾಕು.’ ಸ್ವಲ್ಪ ಹೊತ್ತಿಗೆ ಅದೇ ದನಿ, ‘ಸಾರಿಗೆ ಉಪ್ಪು ಲೈಟಾಗಿ ಹಾಕು’ ಎನ್ನುತ್ತದೆ. ಮೊದಲನೆಯ ಮಾತಿಗೆ ಕೈ ಸ್ವಿಚ್ಚಿನ ಕಡೆ ಹೋಗುತ್ತದೆ, ಎರಡನೆಯದಕ್ಕೆ ಉಪ್ಪಿನ ಡಬ್ಬಿಯ ಕಡೆ. ಮೈಸೂರಿನ ಯಾವ ಮನೆಯಲ್ಲೂ ಇದರಿಂದ ಗೊಂದಲ ಆಗುವುದಿಲ್ಲ. ಒಂದೇ ಪದ ಇಷ್ಟು ಬೇರೆ ಬೇರೆ ಕೆಲಸ ಹೇಗೆ ಮಾಡುತ್ತದೆ ಎಂದು ದೊಡ್ಡವರು ಯೋಚಿಸಿಯೂ ಇರುವುದಿಲ್ಲ. ಆ ಪ್ರಶ್ನೆ ಕೇಳುವುದು ಭಾಷೆಯನ್ನು ಇನ್ನೂ ಕಟ್ಟಿಕೊಳ್ಳುತ್ತಿರುವ ಮಕ್ಕಳು.

ಅಂಥ ಪ್ರಶ್ನೆಗೆ ಏನು ಉತ್ತರ ಕೊಡಬಹುದು ಎಂದು ನೋಡಲು ಒಂದು ಪುಟ್ಟ ಕಥೆ ಕಟ್ಟೋಣ. ಚಾಮುಂಡಿಪುರಂನ ಒಂದು ಹಳೆಯ ಮನೆ. ಅಂಚೆ ಇಲಾಖೆಯಿಂದ ನಿವೃತ್ತರಾದ ತಾತ, ಇಂಗ್ಲಿಷ್ ಮಾಧ್ಯಮದಲ್ಲಿ ಎರಡನೇ ತರಗತಿ ಓದುವ ಮೊಮ್ಮಗಳು. ಇಬ್ಬರೂ ಕಲ್ಪನೆಯವರು. ಅವರು ಬಳಸುವ ಪದಗಳು, ಆ ಪದಗಳ ಹಿಂದಿನ ಲೆಕ್ಕಾಚಾರ ಮಾತ್ರ ನಿಜವಾದವು.

ಮೂರು ಅರ್ಥ ಬರೆಯಿರಿ

ಶನಿವಾರ ಮಧ್ಯಾಹ್ನ ಹುಡುಗಿ ನೋಟ್‌ಬುಕ್ ಹಿಡಿದು ತಾತನ ಪಕ್ಕ ಕೂತಳು. ‘ಲೈಟ್’ ಎಂಬ ಪದಕ್ಕೆ ಮೂರು ಅರ್ಥ ಬರೆದುಕೊಂಡು ಬರಬೇಕಂತೆ.

‘ನಿಂಗೆ ಎಷ್ಟು ಗೊತ್ತು ಪುಟ್ಟಿ?’

‘ಒಂದೇ ಗೊತ್ತು ತಾತ. ಲೈಟು ಅಂದ್ರೆ ಲೈಟು. ಅದೋ, ಅಲ್ಲಿದೆಯಲ್ಲ.’ ಅವಳು ತಲೆಯ ಮೇಲಿನ ಟ್ಯೂಬ್‌ಲೈಟ್ ತೋರಿಸಿದಳು.

ಇದು ದಡ್ಡತನದ ಉತ್ತರವಲ್ಲ. ಚಿಕ್ಕ ಮಕ್ಕಳು ಒಂದು ವಸ್ತುವಿಗೆ ಒಂದೇ ಹೆಸರು ಎಂದು ಹಿಡಿದುಕೊಂಡು ಭಾಷೆ ಕಲಿಯುತ್ತಾರೆ ಎಂಬುದನ್ನು ಎಲೆನ್ ಮಾರ್ಕ್‌ಮನ್ ಎಂಬ ಮನೋವಿಜ್ಞಾನಿ 1980ರ ದಶಕದಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಸಾವಿರಾರು ಪದಗಳನ್ನು ಕೆಲವೇ ವರ್ಷಗಳಲ್ಲಿ ಕಲಿಯಬೇಕಾದ ಮಗುವಿಗೆ ಈ ಹಿಡಿತ ತುಂಬ ಉಪಯೋಗದ್ದು. ತೊಡಕಾಗುವುದು ಒಂದೇ ಪದ ಎರಡು ಮೂರು ಕಡೆ ಕೆಲಸ ಮಾಡುವಾಗ.

ಹಾಗೆಂದು ಮಕ್ಕಳಿಗೆ ನಾನಾರ್ಥ ಅರ್ಥವೇ ಆಗುವುದಿಲ್ಲ ಎಂದುಕೊಳ್ಳಬಾರದು. ‘ಪುಸ್ತಕ ಕೆಳಗೆ ಬಿತ್ತು’ ಎಂದಾಗ ಪುಸ್ತಕ ಒಂದು ವಸ್ತು. ‘ಪುಸ್ತಕ ಚೆನ್ನಾಗಿದೆ’ ಎಂದಾಗ ಅದರೊಳಗಿನ ವಿಷಯ. ಮಹೇಶ್ ಶ್ರೀನಿವಾಸನ್ ಮತ್ತು ಜೆಸ್ಸಿ ಸ್ನೆಡೆಕರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ವರ್ಷದ ಮಕ್ಕಳೂ ಇಂಥ ನಂಟಿರುವ ಎರಡು ಅರ್ಥಗಳ ನಡುವೆ ಸುಲಭವಾಗಿ ಓಡಾಡುವುದು ಕಂಡುಬಂತು. ನಂಟು ಕಾಣಿಸಿದರೆ ಮಗು ದಾಟುತ್ತದೆ. ನಂಟಿಲ್ಲದ ಕಡೆ, ಇಲ್ಲಿ ನಂಟಿಲ್ಲ ಎಂದು ಯಾರಾದರೂ ಹೇಳಿಕೊಡಬೇಕಾಗುತ್ತದೆ. ನಮ್ಮ ತಾತ ಮಾಡುವುದೂ ಅದನ್ನೇ. ಅವರು ಅರ್ಥಗಳ ಪಟ್ಟಿ ಕೊಡುವುದಿಲ್ಲ. ಯಾವುದಕ್ಕೆ ಯಾವುದು ನೆಂಟ, ಯಾವುದು ಬರೀ ಹೆಸರಿನಲ್ಲಿ ಒಂದು ಎಂದು ಪತ್ತೆ ಹಚ್ಚುವ ದಾರಿ ತೋರಿಸುತ್ತಾರೆ.

ಇದರ ಎದುರಿಗೆ ಯಾರು?

ಅಷ್ಟರಲ್ಲಿ ಸೊಸೆ ಕಾಫಿ ತಂದರು. ತಾತ ಒಂದು ಗುಟುಕು ಕುಡಿದು, ‘ಇವತ್ತು ಸ್ವಲ್ಪ ಲೈಟಾಯ್ತಮ್ಮ’ ಎಂದರು.

ಹುಡುಗಿ ಲೋಟದೊಳಗೆ ಇಣುಕಿದಳು. ‘ಕಾಫೀಲಿ ಎಲ್ಲಿದೆ ತಾತ ಲೈಟು?’

‘ಹುಡುಕು ಮತ್ತೆ. ಲೈಟಾಗಿರೋ ಕಾಫಿ ಬೇಡ ಅಂದ್ರೆ ಎಂಥಾ ಕಾಫಿ ಬೇಕು ಅಂತೀವಿ?’

‘ಸ್ಟ್ರಾಂಗ್.’

‘ಮನೇಲಿ ಲೈಟಿಲ್ಲ ಅಂದ್ರೆ ಏನಿರುತ್ತೆ?’

‘ಕತ್ತಲೆ.’

‘ನಿನ್ನ ಸ್ಕೂಲ್ ಬ್ಯಾಗ್ ಲೈಟಾಗಿಲ್ಲ ಅಂದ್ರೆ?’

‘ಭಾರ! ಸೋಮವಾರ ತುಂಬಾ ಭಾರ.’

‘ನಿನ್ನ ಈ ಫ್ರಾಕು ಲೈಟ್ ಹಸಿರು. ಲೈಟಲ್ಲದ ಹಸಿರು?’

‘ಡಾರ್ಕ್ ಹಸಿರು.’

ತಾತ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಸಿದರು. ಲೈಟು, ಕತ್ತಲೆ. ಲೈಟ್ ಹಸಿರು, ಡಾರ್ಕ್ ಹಸಿರು. ಲೈಟ್ ಬ್ಯಾಗು, ಭಾರದ ಬ್ಯಾಗು. ಲೈಟ್ ಕಾಫಿ, ಸ್ಟ್ರಾಂಗ್ ಕಾಫಿ. ‘ಈಗ ಕತ್ತಲೆ ಜೊತೆ ಯಾರು ಕೂರ್ತಾರೆ ಹೇಳು’ ಎಂದಾಗ ಹುಡುಗಿ ಸ್ವಲ್ಪ ಯೋಚಿಸಿ ಡಾರ್ಕ್ ಹಸಿರಿನ ಮೇಲೆ ಬೆರಳಿಟ್ಟಳು. ಉಳಿದ ಭಾರ ಮತ್ತು ಸ್ಟ್ರಾಂಗ್ ಇನ್ನೊಂದು ಕಡೆ ಹೋದವು. ನಾಲ್ಕು ಸಾಲು ಎರಡು ಗುಂಪಾಯಿತು.

ನಿಘಂಟು ಮಾಡುವವರು ಬಳಸುವ ಹಳೆಯ ಉಪಾಯ ಇದೇ. ಒಂದು ಪದ ಎರಡು ವಾಕ್ಯಗಳಲ್ಲಿ ಒಂದೇ ಅರ್ಥ ಕೊಡುತ್ತಿದೆಯೋ, ಬೇರೆ ಬೇರೆ ಅರ್ಥವೋ ಎಂಬ ಅನುಮಾನ ಬಂದರೆ, ಎರಡೂ ವಾಕ್ಯಗಳಲ್ಲಿ ಅದರ ವಿರುದ್ಧ ಪದವನ್ನು ಹುಡುಕುತ್ತಾರೆ. ಎರಡು ಕಡೆಯೂ ಒಂದೇ ವಿರುದ್ಧ ಪದ ಸಿಕ್ಕರೆ ಅರ್ಥ ಬಹುಮಟ್ಟಿಗೆ ಒಂದೇ. ಬೇರೆ ಬೇರೆ ಸಿಕ್ಕರೆ ಅರ್ಥವೂ ಬೇರೆ. ‘ಲೈಟಾಗಿ ಮಳೆ ಬಂತು’ ಎಂಬುದರ ಎದುರಿಗೆ ‘ಜೋರು ಮಳೆ’ ನಿಲ್ಲುತ್ತದೆ, ‘ಕತ್ತಲೆ ಮಳೆ’ ಅಲ್ಲ. ಹಾಗಾಗಿ ಆ ಮಳೆ ಸೇರಬೇಕಾದದ್ದು ಕಾಫಿಯ ಗುಂಪಿಗೆ.

ಈ ಎರಡು ಗುಂಪು ಇಂಗ್ಲಿಷಿನಲ್ಲಿ ನಿಜವಾಗಿಯೂ ಎರಡು ಬೇರೆ ಪದಗಳು. ಬೆಳಕಿನ ಲೈಟ್ ಒಂದು, ಹಗುರದ ಲೈಟ್ ಇನ್ನೊಂದು. ಬೇರೆ ಬೇರೆ ಬೇರುಗಳಿಂದ ಹೊರಟು, ಕಾಲಾಂತರದಲ್ಲಿ ಉಚ್ಚಾರಣೆ ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ. ಅದಕ್ಕೇ ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಇವನ್ನು ಒಂದೇ ಪದದ ಎರಡು ಅರ್ಥ ಎಂದು ಕೊಡದೆ, ಬೇರೆ ಬೇರೆ ಉಲ್ಲೇಖಗಳಾಗಿ ಅಂಕಿ ಹಾಕಿ ಕೊಟ್ಟಿರುತ್ತಾರೆ. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿ ಇವು ಇವತ್ತಿಗೂ ಬೇರೆಯಾಗಿಯೇ ಉಳಿದಿವೆ: ಬೆಳಕು ‘ಲಿಖ್ಟ್’, ಹಗುರ ‘ಲೈಖ್ಟ್’. ನಮ್ಮ ಶಾಲೆಯ ವ್ಯಾಕರಣದಲ್ಲಿ ಬರುವ ‘ಹತ್ತು’ ಇಂಥದೇ. ಒಂಬತ್ತರ ನಂತರದ ಹತ್ತಿಗೂ ಮೆಟ್ಟಿಲು ಹತ್ತುವುದಕ್ಕೂ ಯಾವ ಸಂಬಂಧವೂ ಇಲ್ಲ.

ಕನ್ನಡಕ್ಕೆ ಈ ಪದ ಬಂದಮೇಲೆ ನಾವು ಇನ್ನೊಂದು ಅನುಕೂಲ ಮಾಡಿಕೊಂಡಿದ್ದೇವೆ. ಬೆಳಕಿನ ಲೈಟು ನಮ್ಮಲ್ಲಿ ನಾಮಪದ. ಲೈಟಿಗೆ, ಲೈಟಿನ, ಲೈಟುಗಳು ಎಂದು ವಿಭಕ್ತಿ, ಬಹುವಚನಗಳನ್ನು ಹಚ್ಚಿಕೊಂಡು ಓಡಾಡುತ್ತದೆ. ಕಡಿಮೆ, ಹಗುರ ಎಂಬ ಅರ್ಥದ ಲೈಟು ಬಂದಾಗ ‘ಆಗಿ’ ಸೇರಿಕೊಳ್ಳುತ್ತದೆ: ಲೈಟಾಗಿ ತಲೆನೋವು, ಲೈಟಾಗಿ ತಿಂಡಿ, ಲೈಟಾಗಿ ಜ್ವರ. ಉಪ್ಪಿನ ಡಬ್ಬಿಗೂ ಸ್ವಿಚ್ಚಿಗೂ ಗೊಂದಲ ಆಗದೇ ಇರುವುದು ಈ ‘ಆಗಿ’ಯ ದೆಸೆಯಿಂದ. ಇಂಗ್ಲಿಷಿನಲ್ಲಿ ಕಲಸಿಹೋದದ್ದನ್ನು ಕನ್ನಡದ ಪ್ರತ್ಯಯ ಬೇರೆ ಮಾಡಿ ಇಟ್ಟಿದೆ.

ಎಣಿಸೋಕೆ ಬರುತ್ತಾ?

ಮರುದಿನ ಭಾನುವಾರ. ಸಂಜೆ ತಾತ ಮೊಮ್ಮಗಳನ್ನು ಅರಮನೆಗೆ ಕರೆದುಕೊಂಡು ಹೋದರು. ದಸರಾ ದಿನಗಳಲ್ಲಿ ಪ್ರತಿ ಸಂಜೆ, ಉಳಿದ ಕಾಲದಲ್ಲಿ ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳಲ್ಲಿ ಅಲ್ಲಿ ದೀಪಾಲಂಕಾರ ಇರುತ್ತದೆ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಸಿಕ್ಕಿ ಹೋದಮೇಲೆ ಕಟ್ಟಿದ, 1912ರಲ್ಲಿ ಮುಗಿದ ಈಗಿನ ಕಟ್ಟಡಕ್ಕೆ ಸುಮಾರು ಒಂದು ಲಕ್ಷ ಬಲ್ಬುಗಳಿವೆ. ಕಮಾನು, ಗೋಪುರ, ಪ್ರಾಕಾರದ ಗೆರೆಗಳನ್ನು ಹಿಡಿದು ಸಾಲಾಗಿ ಕೂರಿಸಿದ್ದಾರೆ. ಒಂದೊಂದು ಬಲ್ಬೂ ಚಿಕ್ಕದು, ಎಲ್ಲವೂ ಒಟ್ಟಿಗೆ ಹತ್ತಿದಾಗ ಕಟ್ಟಡದ ಆಕಾರವೇ ಗೆರೆಯಲ್ಲಿ ಬರೆದಂತೆ ಮೂಡುತ್ತದೆ.

‘ತಾತ, ಲೈಟ್ ಬಂತು!’

‘ಬಂತು. ಎಷ್ಟು ಲೈಟಿದೆ?’

‘ಎಣಿಸೋಕಾಗಲ್ಲ. ಲಕ್ಷ ಅಂದ್ರಲ್ಲ ನೀವು.’

‘ಸರಿ. ನಿನ್ನ ಮುಖದ ಮೇಲೆ ಬಿದ್ದಿದೆಯಲ್ಲ ಬೆಳಕು, ಅದು ಎಷ್ಟು?’

ಹುಡುಗಿ ಮುಖ ಮುಟ್ಟಿ ನೋಡಿಕೊಂಡಳು. ‘ಅದನ್ನ ಹೇಗೆ ಎಣಿಸೋದು ತಾತ? ಬೆಳಕು ಬೆಳಕೇ.’

ಅವಳು ಎರಡನೆಯ ಪರೀಕ್ಷೆಯನ್ನು ತಾನೇ ಮಾಡಿ ಮುಗಿಸಿದ್ದಳು. ಇಂಗ್ಲಿಷಿನಲ್ಲಿ ಉರಿಯುವ ದೀಪಕ್ಕೂ ಅದರಿಂದ ಹರಡುವ ಬೆಳಕಿಗೂ ಒಂದೇ ಪದ ಸಾಕು. ಈ ಎರಡು ಅರ್ಥಗಳ ನಡುವೆ ನೇರವಾದ ನಂಟಿದೆ, ಒಂದು ಮೂಲ, ಇನ್ನೊಂದು ಅದರ ಫಲ. ಕನ್ನಡ ಮಾತ್ರ ಎರಡಕ್ಕೂ ಮೊದಲಿನಿಂದ ಬೇರೆ ಪದ ಇಟ್ಟುಕೊಂಡಿದೆ. ದೀಪ, ಹಣತೆ, ಸೊಡರು ಇವೆಲ್ಲ ಎಣಿಸಬಹುದಾದ ವಸ್ತುಗಳು. ಬೆಳಕು ಎಣಿಕೆಗೆ ಸಿಗುವುದಿಲ್ಲ. ಎರಡು ದೀಪ ಎನ್ನುತ್ತೇವೆ, ಎರಡು ಬೆಳಕು ಎನ್ನುವುದಿಲ್ಲ. ಬೆಳಕು ಸಾಲದು, ಬೆಳಕು ಜಾಸ್ತಿ ಎಂದು ನೀರಿನ ಹಾಗೆ ಅಳತೆಯಲ್ಲಿ ಹೇಳುತ್ತೇವೆ.

ವಿದ್ಯುತ್ ನಮ್ಮ ಊರುಗಳಿಗೆ ಬಂದಾಗ ಈ ಏರ್ಪಾಡು ಕೆಡಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿಗೆ ಬಂತು, ಕೆಲವೇ ವರ್ಷಗಳಲ್ಲಿ ಮೈಸೂರಿನ ಬೀದಿಗಳಿಗೂ ಬಂತು. ಅದರ ಜೊತೆಗೆ ಬಂದ ‘ಲೈಟ್’ ಪದವನ್ನು ಕನ್ನಡ ದೀಪದ ಜಾಗದಲ್ಲಿ ಕೂರಿಸಿಕೊಂಡಿತು. ಬೆಳಕಿನ ಜಾಗ ಬೆಳಕಿಗೇ ಉಳಿಯಿತು. ‘ಲೈಟ್ ಹಾಕು, ಬೆಳಕು ಸಾಲ್ತಿಲ್ಲ’ ಎಂಬ ದಿನನಿತ್ಯದ ಮಾತಿನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇವೆ. ‘ಬೆಳಕು ಹಾಕು, ಲೈಟ್ ಸಾಲ್ತಿಲ್ಲ’ ಎಂದು ತಿರುಗಿಸಿದರೆ ಕಿವಿಗೆ ಒಪ್ಪುವುದಿಲ್ಲ.

ಕ್ರಿಯಾಪದಗಳೂ ಇದೇ ಲೆಕ್ಕ ಹಿಡಿದಿವೆ. ಎಣ್ಣೆಯ ದೀಪವನ್ನು ಹಚ್ಚುತ್ತೇವೆ, ಲೈಟನ್ನು ಹಾಕುತ್ತೇವೆ, ಒಲೆಯನ್ನು ಹೊತ್ತಿಸುತ್ತೇವೆ. ದೇವರ ಮುಂದಿನ ದೀಪವನ್ನು ಆರಿಸು ಎನ್ನಲು ಮನೆಯ ಹಿರಿಯರ ಬಾಯಿ ಬರುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ಬೆಳಕು ಬೀಳುತ್ತದೆ, ಚೆಲ್ಲುತ್ತದೆ, ಹರಿಯುತ್ತದೆ. ಅದರಲ್ಲೂ ‘ಬೆಳಕು ಹರಿಯಿತು’ ಎಂದರೆ ದೀಪದ ಮಾತೇ ಅಲ್ಲ, ರಾತ್ರಿ ಕಳೆಯಿತು ಎಂದು. ಪದದ ಅರ್ಥ ಬದಲಾಗಿದ್ದು ಪಕ್ಕದ ಕ್ರಿಯಾಪದದಿಂದ. ಮಗುವಿಗೆ ‘ಬೆಳಕು’ ಎಂದು ಒಂದು ಪದ ಹೇಳಿಕೊಡುವುದಕ್ಕಿಂತ ‘ಬೆಳಕು ಹರಿಯಿತು, ಏಳು’ ಎಂದು ಇಡೀ ಮಾತನ್ನು ಕೊಟ್ಟರೆ ಅರ್ಥ ತಾನಾಗಿ ಕೂರುವುದು ಇದರಿಂದಲೇ.

ಹುಣಸೆಹಣ್ಣು, ಹಿತ್ತಾಳೆ ದೀಪ

ಶುಕ್ರವಾರದ ಪೂಜೆಗೆ ಅಜ್ಜಿ ಹಿಂದಿನ ದಿನವೇ ಹಿತ್ತಿಲಿನಲ್ಲಿ ದೀಪದ ಕಂಬ, ಆರತಿ ತಟ್ಟೆ, ಪಂಚಪಾತ್ರೆಗಳನ್ನು ಹಾಕಿಕೊಂಡು ಕೂತಿದ್ದರು. ಹುಣಸೆಹಣ್ಣನ್ನು ನೀರಿನಲ್ಲಿ ನೆನೆಸಿ, ಕಿವುಚಿ, ಅದನ್ನೇ ಪಾತ್ರೆಗೆ ಸವರಿ ಸ್ವಲ್ಪ ಹೊತ್ತು ಬಿಟ್ಟಿದ್ದರು. ಹಿತ್ತಾಳೆ ತಾಮ್ರಗಳ ಮೇಲೆ ಗಾಳಿಗೆ ಕೂರುವ ಕಂದು ಪದರವನ್ನು ಹುಣಸೆಯ ಹುಳಿ ಕರಗಿಸುತ್ತದೆ. ಆಮೇಲೆ ನಾರಿನಿಂದ ಉಜ್ಜಿದಾಗ ಒಳಗಿನ ಹಳದಿ ಹೊರಗೆ ಬರುತ್ತದೆ. ಹುಳಿಯನ್ನು ಚೆನ್ನಾಗಿ ತೊಳೆಯದೆ ಬಿಟ್ಟರೆ ಮಾತ್ರ ಬೇಗ ಮತ್ತೆ ಮಂಕಾಗುತ್ತದೆ. ಅದಕ್ಕೇ ಅಜ್ಜಿ ಎರಡು ಸಲ ನೀರು ಹಾಕಿ, ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಡುತ್ತಾರೆ.

‘ಅಜ್ಜಿ ಏನ್ ಮಾಡ್ತಿದ್ದಾರೆ?’ ತಾತ ಕೇಳಿದರು.

‘ದೀಪ ತೊಳೀತಿದ್ದಾರೆ.’

‘ಬೆಳಗ್ತಾ ಇದ್ದೀನಿ ಕಣೇ’ ಎಂದರು ಅಜ್ಜಿ.

‘ದೀಪ ಹಚ್ಚೇ ಇಲ್ವಲ್ಲ ಅಜ್ಜಿ? ಬೆಳಗೋದು ಅಂದ್ರೆ ಆರತಿ ಅಲ್ವಾ?’

ಒಳ್ಳೆಯ ಪ್ರಶ್ನೆ. ಬೆಳಗು ಎಂಬ ಒಂದು ಪದ ಈ ಮನೆಯಲ್ಲಿ ದಿನಕ್ಕೆ ಹಲವು ಸಲ ಓಡಾಡುತ್ತದೆ. ಬೆಳಗಾಯಿತು ಎಂದರೆ ಹೊತ್ತು ಮೂಡಿತು. ಪಾತ್ರೆ ಬೆಳಗು ಎಂದರೆ ಉಜ್ಜಿ ಹೊಳೆಯುವಂತೆ ಮಾಡು. ಆರತಿ ಬೆಳಗು ಎಂದರೆ ದೇವರ ಮುಂದೆ ದೀಪವನ್ನು ಸುತ್ತ ಎತ್ತಿ ತೋರಿಸು. ಮನೆತನದ ಹೆಸರು ಬೆಳಗು ಎಂದರೆ ಕೀರ್ತಿ ತಾ. ವಿರುದ್ಧ ಪದದ ಪರೀಕ್ಷೆ ಇಟ್ಟರೆ ಇವೂ ಬೇರೆ ಬೇರೆಯಾಗಿ ಕಾಣುತ್ತವೆ. ಬೆಳಗಿನ ಎದುರಿಗೆ ಸಂಜೆ ಅಥವಾ ಬೈಗು, ಬೆಳಗಿದ ಪಾತ್ರೆಯ ಎದುರಿಗೆ ಮಂಕಾದ ಪಾತ್ರೆ, ಹೆಸರು ಬೆಳಗುವುದರ ಎದುರಿಗೆ ಹೆಸರು ಕೆಡಿಸುವುದು.

ಆದರೂ ಇವು ಕಾಫಿಯ ಲೈಟು ಮತ್ತು ಗೋಡೆಯ ಲೈಟಿನ ಹಾಗೆ ಬರೀ ಹೆಸರಿನಲ್ಲಿ ಒಂದಾದವುಗಳಲ್ಲ. ಎಲ್ಲದರ ನಡುವೆಯೂ ‘ಹೊಳೆ, ಕಾಣುವಂತಾಗು’ ಎಂಬ ಒಂದೇ ದಾರ ಹಾದುಹೋಗಿದೆ. ಆಕಾಶ ಹೊಳೆದರೆ ಬೆಳಗು, ಹಿತ್ತಾಳೆ ಹೊಳೆದರೆ ಬೆಳಗಿದ್ದು, ಹೆಸರು ಹತ್ತು ಜನಕ್ಕೆ ಕಂಡರೆ ಬೆಳಗಿದ್ದು. ಪಕ್ಕದ ತಮಿಳಿನಲ್ಲೂ ಹೀಗೇ: ‘ವಿಳಕ್ಕು’ ಎಂದರೆ ದೀಪ, ಪಾತ್ರೆ ಉಜ್ಜುವುದೂ ‘ವಿಳಕ್ಕು’, ವಿಷಯವನ್ನು ಬಿಡಿಸಿ ಹೇಳುವುದೂ ‘ವಿಳಕ್ಕು’. ವಿವರಣೆಗೆ ಅವರು ‘ವಿಳಕ್ಕಂ’ ಎನ್ನುತ್ತಾರೆ.

ಹುಡುಗಿಗೆ ತಾತ ಇಷ್ಟೆಲ್ಲ ಹೇಳಲಿಲ್ಲ. ಮಂಕಾದ ಒಂದು ಉದ್ಧರಣೆಯನ್ನು ಅವಳ ಕೈಗೆ ಕೊಟ್ಟು, ‘ಬೆಳಗು ನೋಡೋಣ’ ಎಂದರು. ಅವಳು ಹುಣಸೆಹಣ್ಣು ಹಚ್ಚಿ ಉಜ್ಜಿದಳು. ಒಂದು ಕಡೆ ಹಳದಿ ಮಿಂಚಿತು.

‘ಅಯ್ಯೋ, ಬೆಳಗಾಯ್ತು ತಾತ!’

ಶಾಲೆಯ ವ್ಯಾಕರಣ ಇದನ್ನು ತಪ್ಪು ಎನ್ನಬಹುದು. ಉದ್ಧರಣೆಗೆ ಬೆಳಗಾಗುವುದಿಲ್ಲ, ಅದು ಬೆಳಗುತ್ತದೆ. ಆದರೆ ಎರಡು ಅರ್ಥಗಳ ನಡುವಿನ ನಂಟು ಅವಳಿಗೆ ಸಿಕ್ಕಿದೆ ಎಂಬುದಕ್ಕೆ ಇಂಥ ತಪ್ಪೇ ಗುರುತು. ಅರ್ಥವನ್ನು ಉರು ಹೊಡೆದ ಮಗು ಈ ತಪ್ಪು ಮಾಡುವುದಿಲ್ಲ, ಯಾಕೆಂದರೆ ಅದು ಒಂದು ಅರ್ಥದಿಂದ ಇನ್ನೊಂದಕ್ಕೆ ದಾಟುವುದೇ ಇಲ್ಲ.

ಯಾರ ಮನೆಯವರು?

ಮೂರನೆಯ ಪರೀಕ್ಷೆಗೆ ಕಿವಿ ಸಾಲದು, ನಿಘಂಟು ಬೇಕು. ಪದ ಯಾವ ಮನೆತನದ್ದು ಎಂದು ಕೇಳುವ ಪ್ರಶ್ನೆ ಅದು.

ಬಿಳಿ, ಬೆಳ್ಳಿ, ಬೆಳ್ಳಕ್ಕಿ, ಬೆಳದಿಂಗಳು, ಬೆಳಕು, ಬೆಳಗು. ಇವನ್ನು ಒಂದರ ಕೆಳಗೆ ಒಂದು ಬರೆದರೆ ಎರಡನೇ ತರಗತಿಯ ಮಗುವಿಗೂ ಮುಖಚರ್ಯೆಯ ಹೋಲಿಕೆ ಕಾಣುತ್ತದೆ. ಬಿಳುಪು, ಹೊಳಪು ಎಂಬ ಅರ್ಥದ ‘ಬೆಳ್’ ಇವುಗಳ ಬುಡ. ಬೆಳ್ಳುಳ್ಳಿಯೂ ಇದೇ ಮನೆಯದು: ಬೆಳ್ ಮತ್ತು ಉಳ್ಳಿ ಸೇರಿದ ಬಿಳಿಯ ಉಳ್ಳಿ. ಶ್ರವಣಬೆಳಗೊಳದ ‘ಬೆಳಗೊಳ’ ಬಿಳಿಯ ಕೊಳ.

ಮೋಸ ಹೋಗುವ ಜಾಗವೂ ಇಲ್ಲೇ ಇದೆ. ಗದ್ದೆಯ ‘ಬೆಳೆ’, ಮಕ್ಕಳು ‘ಬೆಳೆ’ಯುವುದು ಇವೂ ಇದೇ ಸಾಲಿಗೆ ಸೇರುತ್ತವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೆಳಕಿನಿಂದ ಬೆಳೆ ಬರುತ್ತದೆ, ಹಾಗಾಗಿ ಎರಡೂ ಒಂದೇ ಎಂದು ಸೊಗಸಾಗಿ ಹೇಳಿಬಿಡಬಹುದು. ಆದರೆ ಸೊಗಸಾಗಿದ್ದ ಮಾತ್ರಕ್ಕೆ ನಿಜವಾಗುವುದಿಲ್ಲ. ತಮಿಳಿನಲ್ಲಿ ಬೆಳೆಯುವುದಕ್ಕೆ ‘ವಿಳೈ’, ಬಿಳುಪಿಗೆ ‘ವೆಳ್’. ಅಲ್ಲಿ ಬೇರೆಯಾಗಿಯೇ ಉಳಿದ ಸ್ವರಗಳು ಕನ್ನಡದಲ್ಲಿ ಒಂದಾಗಿ, ಎರಡೂ ‘ಬೆ’ಯಿಂದ ಶುರುವಾಗುವಂತಾಗಿದೆ. ಒಂದು ಭಾಷೆಯೊಳಗೆ ಕೂತು ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುವ ಪದಗಳು ಅಕ್ಕಪಕ್ಕದ ಭಾಷೆಗಳ ಜೊತೆ ಇಟ್ಟು ನೋಡಿದಾಗ ಬೇರೆ ಬೇರೆ ಮನೆಯವಾಗುವುದು ಹೀಗೆ. ಪದಗಳ ಮೂಲದ ಬಗ್ಗೆ ಯಾರಾದರೂ ಅಂದವಾದ ಕಥೆ ಹೇಳಿದರೆ, ಪಕ್ಕದ ಭಾಷೆಯಲ್ಲಿ ಇವು ಹೇಗಿವೆ ಎಂದು ಒಮ್ಮೆ ಕೇಳುವುದು ಒಳ್ಳೆಯದು.

ಇಂಗ್ಲಿಷಿನ ಎರಡು ಲೈಟುಗಳ ಮನೆತನ ಹುಡುಕಿಕೊಂಡು ಹೋದರೆ ಆಶ್ಚರ್ಯ ಕಾದಿದೆ. ಹಗುರದ ಲೈಟಿಗೆ ಸಂಸ್ಕೃತದಲ್ಲಿರುವ ದಾಯಾದಿ ‘ಲಘು’. ಛಂದಸ್ಸಿನಲ್ಲಿ ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು ಎಂದು ಪ್ರಸ್ತಾರ ಹಾಕುವಾಗ ಕನ್ನಡದ ಮಕ್ಕಳು ಬಾಯಿಪಾಠ ಮಾಡುವ ಅದೇ ಲಘು. ಲಘು ಉಪಾಹಾರದ ಲಘುವೂ ಅದೇ. ಹಾಗಾಗಿ ‘ಲೈಟಾಗಿ ತಿಂಡಿ’ ಎನ್ನುವವರೂ ‘ಲಘು ಉಪಾಹಾರ’ ಎನ್ನುವವರೂ ಬಹಳ ಹಿಂದೆ ಒಂದೇ ಆಗಿದ್ದ ಪದವನ್ನು ಎರಡು ದಾರಿಯಿಂದ ಪಡೆದು ಬಳಸುತ್ತಿದ್ದಾರೆ. ಬೆಳಕಿನ ಲೈಟಿಗೆ ಸಂಸ್ಕೃತದಲ್ಲಿರುವ ನೆಂಟ ‘ರುಚ್’, ಹೊಳೆ ಎಂದು ಅದರ ಅರ್ಥ. ಅದರಿಂದ ಬಂದದ್ದು ‘ರುಚಿ’. ಹಳೆಯ ಕಾವ್ಯಗಳಲ್ಲಿ ರುಚಿ ಎಂದರೆ ಕಾಂತಿಯೂ ಹೌದು. ಕಣ್ಣಿಗೆ ಹೊಳೆದದ್ದು ಮನಸ್ಸಿಗೆ ಹಿಡಿಸಿತು, ಹಿಡಿಸಿದ್ದು ನಾಲಿಗೆಗೂ ಹಿಡಿಸಿತು. ಹೀಗೆ ಬೆಳಕಿನಿಂದ ಹೊರಟ ಪದ ನಮ್ಮ ಊಟದ ಎಲೆಗೆ ಬಂದು ನಿಂತಿದೆ.

‘ಲಘು’ವನ್ನು ತಾತ ಒಂದೇ ಮಾತಿನಲ್ಲಿ ಮುಗಿಸಿದರು: ‘ನಿಮ್ಮ ಇಂಗ್ಲಿಷಿನ ಹಗುರದ ಲೈಟಿಗೆ ನಮ್ಮಲ್ಲೂ ಒಬ್ಬ ದಾಯಾದಿ ಇದ್ದಾನೆ. ಹೈಸ್ಕೂಲಿಗೆ ಹೋದಾಗ ಸಿಗ್ತಾನೆ.’ ಏಳು ವರ್ಷದವಳಿಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಪರೀಕ್ಷೆ ಕೈಕೊಡುವ ಕಡೆ

ಈ ಉಪಾಯಗಳೆಲ್ಲ ವಾಕ್ಯ ಪೂರ್ತಿಯಾಗಿದ್ದಾಗ ಕೆಲಸ ಮಾಡುತ್ತವೆ. ವಾಕ್ಯ ಅರ್ಧವಿದ್ದರೆ ದೊಡ್ಡವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ರೇಷ್ಮೆ ಸೀರೆ ಅಂಗಡಿಯಲ್ಲಿ ‘ಸ್ವಲ್ಪ ಲೈಟಾಗಿರೋದು ತೋರಿಸಿ’ ಎಂದು ಕೇಳಿದರೆ ಅನುಭವ ಇರುವ ಮಾರಾಟಗಾರ ತಕ್ಷಣ ಸೀರೆ ತೆಗೆಯುವುದಿಲ್ಲ. ‘ಕಲರ್ ಲೈಟಾ, ವೆಯ್ಟ್ ಲೈಟಾ?’ ಎಂದು ತಿರುಗಿ ಕೇಳುತ್ತಾನೆ. ಬಣ್ಣ ತಿಳಿಯಾಗಿರುವ ಸೀರೆ ಜರಿಯ ಭಾರದಿಂದ ಭುಜ ಜಗ್ಗಬಹುದು, ಹಗುರದ ಸೀರೆ ಕಡುನೀಲಿ ಇರಬಹುದು. ‘ಆಗಿ’ ಎಂಬ ಪ್ರತ್ಯಯ ಇಲ್ಲಿ ಕೈ ಹಿಡಿಯುವುದಿಲ್ಲ, ಎರಡು ಅರ್ಥಕ್ಕೂ ಅದೇ ಬರುತ್ತದೆ. ಆ ಮಾರಾಟಗಾರ ಮಾಡಿದ್ದು ತಾತ ಮಾಡಿದ್ದನ್ನೇ: ವಿರುದ್ಧ ಪದ ಕತ್ತಲೆಯ ಕಡೆಯದೋ ಭಾರದ ಕಡೆಯದೋ ಎಂದು ವಿಚಾರಿಸಿಕೊಂಡದ್ದು.

ಇಂಥ ಕಡೆ ಕನ್ನಡದ ಪದಗಳನ್ನೇ ಆರಿಸಿಕೊಂಡರೆ ಪ್ರಶ್ನೆಯೇ ಏಳುವುದಿಲ್ಲ. ಬಣ್ಣಕ್ಕೆ ತಿಳಿ: ತಿಳಿಹಳದಿ, ತಿಳಿನೀಲಿ. ತೂಕಕ್ಕೆ ಹಗುರ. ಬಿಸಿಲಿಗೆ ಎಳೆ. ಹಾಸ್ಯಕ್ಕೂ ತಿಳಿ, ಮನಸ್ಸಿಗೆ ಹಗುರ. ಇವುಗಳಲ್ಲೂ ಒಳದಾರಿಗಳಿವೆ. ಮನಸ್ಸು ಹಗುರವಾಯಿತು ಎಂದರೆ ಒಳ್ಳೆಯದು, ದೊಡ್ಡವರ ಬಗ್ಗೆ ಹಗುರವಾಗಿ ಮಾತಾಡಿದ ಎಂದರೆ ಕೆಟ್ಟದ್ದು. ತಿಳಿನೀರು ಎಂದರೆ ತಳ ಕಾಣುವ ನೀರು, ವಿಷಯ ತಿಳಿಯಿತು ಎಂದರೆ ಅದರ ತಳ ಕಂಡಿತು. ಮಕ್ಕಳ ಬಾಯಿಂದ ‘ಲೈಟ್’ ಎಂಬ ಪದವನ್ನು ಕಿತ್ತುಕೊಳ್ಳಬೇಕಿಲ್ಲ, ಅದೂ ಈಗ ಮನೆಮಾತೇ. ಅದರ ಜೊತೆಗೆ ತಿಳಿ, ಹಗುರ, ಎಳೆ ಇವನ್ನೂ ಮನೆಯಲ್ಲಿ ಆಡುತ್ತಿದ್ದರೆ, ಒಂದು ಪದ ಹೊತ್ತಿದ್ದ ಹಲವು ಅರ್ಥಗಳು ಬೇರೆ ಬೇರೆ ಎಂದು ಮಗುವಿಗೆ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಹುಡುಗಿಯ ನೋಟ್‌ಬುಕ್ಕಿನಲ್ಲಿ ಕೊನೆಗೆ ಉಳಿದದ್ದು ಮೂರು ಅರ್ಥಗಳಲ್ಲ, ಮೂರು ವಾಕ್ಯಗಳು. ಅರಮನೆಯಲ್ಲಿ ತುಂಬಾ ಲೈಟುಗಳಿವೆ. ನನ್ನ ಫ್ರಾಕು ಲೈಟ್ ಹಸಿರು. ಶನಿವಾರ ನನ್ನ ಬ್ಯಾಗ್ ಲೈಟಾಗಿರುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಅಮ್ಮ ಸಹಾಯ ಮಾಡಿದರು. ಪ್ರತಿ ವಾಕ್ಯದ ಪಕ್ಕ ಅವಳೇ ವಿರುದ್ಧ ಪದ ಬರೆದುಕೊಂಡಳು.

ಮುಂದಿನ ವಾರ ಅವಳು ಮನೆಯ ಮೆಟ್ಟಿಲಿನ ಮೇಲೆ ನಿಂತು ಕೇಳಿದಳು: ‘ತಾತ, ಮೆಟ್ಟಿಲು ಹತ್ತು ಅಂತೀವಲ್ಲ, ಅದರ ಎದುರಿಗೆ ಇಳಿ. ಒಂಬತ್ತು ಹತ್ತು ಅಂತೀವಲ್ಲ, ಅದರ ಎದುರಿಗೆ ಯಾರೂ ಇಲ್ಲ. ಹಾಗಾದ್ರೆ ಇವೆರಡೂ ಬೇರೆ ಬೇರೆ ಮನೆಯವರಾ?’

ಬೇರೆ ಬೇರೆ ಮನೆಯವರೇ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೇಳುವ ಕ್ರಮ ಒಂದನ್ನು ಹೇಳಿಕೊಟ್ಟಿದ್ದರು.